ಹಣ ಬರೋದಕ್ಕೆ ಪಿನ್ ಯಾಕೆ ಬೇಡ?

ಪ್ರಶ್ನೆ: ಹಳೇ ಮಂಚ ಮಾರಾಟಕ್ಕಿಟ್ಟಿದ್ದೆ. ಕೊಳ್ಳುವವರು ಕ್ಯೂಆರ್ ಕೋಡ್ ಕಳಿಸಿ, "ಸ್ಕ್ಯಾನ್ ಮಾಡಿ ಪಿನ್ ಹಾಕಿ, 4,000 ನಿಮ್ಮ ಖಾತೆಗೆ ಬರುತ್ತೆ" ಅಂತಿದ್ದಾರೆ. ಹಾಕಲೇ?

ಉತ್ತರ: ಹಾಕಬೇಡಿ ಸಾರ್, ಹಾಕಿದರೆ 4,000 ಹೋಗುವುದು ನಿಮ್ಮ ಖಾತೆಯಿಂದ.

ಬ್ಯಾಂಕಿನ ಕೌಂಟರ್ ನೆನಪಿಸಿಕೊಳ್ಳಿ. ನಿಮ್ಮ ಖಾತೆಗೆ ಯಾರೋ ಚಲನ್ ತುಂಬಿ ದುಡ್ಡು ಕಟ್ಟಿದರೆ ಬ್ಯಾಂಕು ನಿಮ್ಮ ಸಹಿ ಕೇಳುತ್ತಿತ್ತೇ? ಸಹಿ ಬೇಕಾಗಿದ್ದು ದುಡ್ಡು ತೆಗೆಯುವ ಚೀಟಿಗೆ. ಯುಪಿಐ ಪಿನ್ನೂ ಆ ಸಹಿಯೇ. ಕೊಡುವವರು ತಮ್ಮ ಫೋನಿನಲ್ಲಿ ತಮ್ಮ ಪಿನ್ ಒತ್ತುತ್ತಾರೆ, ಅವರ ಬ್ಯಾಂಕು ಅದನ್ನು ನೋಡಿ ಹಣ ಕಳೆಯುತ್ತದೆ, ನಿಮ್ಮ ಖಾತೆಗೆ ತಾನಾಗಿ ಜಮಾ ಆಗುತ್ತದೆ. ಆಗ ನಿಮ್ಮ ಫೋನು ಆಫ್ ಆಗಿದ್ದರೂ ಅಡ್ಡಿಯಿಲ್ಲ.

ಆ ಕೋಡ್ ಸ್ಕ್ಯಾನ್ ಮಾಡಿದರೆ ಪಿನ್ ಕೇಳುವ ಮೊದಲು ತೆರೆಯ ಮೇಲೆ ಅವರ ಹೆಸರು, ಮೊತ್ತ, ಕೆಳಗೆ Pay ಎಂದು ಕಾಣುತ್ತದೆ. ಪಕ್ಕದಲ್ಲಿ "ರೀಫಂಡ್" ಎಂದು ಬರೆದಿದ್ದರೂ ನಂಬಬೇಡಿ, ಆ ಟಿಪ್ಪಣಿ ಬರೆದವರು ಅವರೇ. (ಬ್ಯಾಲೆನ್ಸ್ ನೋಡಲೂ ಪಿನ್ ಕೇಳುತ್ತದೆ, ಅದರಿಂದ ಹಣ ಹೋಗುವುದಿಲ್ಲ.)

ಅವರಿಗೆ ನಿಮ್ಮ ಕ್ಯೂಆರ್ ಕೋಡ್ ಕಳಿಸಿ. ನಿಜವಾದ ಗಿರಾಕಿ ಅದಕ್ಕೇ ಹಾಕುತ್ತಾರೆ. ಈಗಾಗಲೇ ಪಿನ್ ಒತ್ತಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.