ಮದುವೆಯ ಇಡೀ ದಿನಕ್ಕೆ ಮಕ್ಕಳ ಬಟ್ಟೆ: ಒಳಮೈಯಿಂದ ಶುರು ಮಾಡಿ

ಪ್ರಶ್ನೆ: ಮುಂದಿನ ತಿಂಗಳು ಮನೆಯಲ್ಲಿ ಮದುವೆ ಇದೆ. ಬೆಳಿಗ್ಗೆಯಿಂದ ರಾತ್ರಿವರೆಗೂ ಅಲ್ಲೇ ಇರಬೇಕು. ಮಗಳಿಗೆ 5 ವರ್ಷ, ಮಗನಿಗೆ 2. ನಾಲ್ಕೂ ಜನರ ಬಟ್ಟೆ ಒಂದಕ್ಕೊಂದು ಹೊಂದಬೇಕು, ಆದರೆ ಮಕ್ಕಳಿಗೆ ಕಿರಿಕಿರಿ ಆಗಬಾರದು. ಏನು ಮಾಡಲಿ?

ಮೊದಲು ಮಕ್ಕಳ ಬಟ್ಟೆ ಆರಿಸಿ, ಆಮೇಲೆ ನಿಮ್ಮದು. ಸಾಮಾನ್ಯವಾಗಿ ನಾವು ಮಾಡೋದು ಇದರ ಉಲ್ಟಾ. ಅಮ್ಮನ ಬಟ್ಟೆ ಮೊದಲು ಬರುತ್ತದೆ, ಆಮೇಲೆ ಅದೇ ಬಣ್ಣ ಮಕ್ಕಳಿಗೆ ಹುಡುಕುತ್ತೇವೆ. ಅದು ದಪ್ಪ ಜರಿಯಲ್ಲೋ ನೆಟ್‌ನಲ್ಲೋ ಮಾತ್ರ ಸಿಕ್ಕಿದರೆ, ಬಣ್ಣ ಸರಿಯಾಯ್ತಲ್ಲ ಅಂತ ಅದನ್ನೇ ತರುತ್ತೇವೆ. ಮಗುವಿನ ಮೈಗೆ ಹಿತವಾದ ಬಟ್ಟೆ ಸಿಗೋದೇ ಕಷ್ಟ. ನಮಗಾದರೆ ಯಾವ ಬಣ್ಣ ಬೇಕಾದರೂ ಸಿಗುತ್ತದೆ. ಕಷ್ಟದ್ದನ್ನು ಮೊದಲು ಮುಗಿಸಿಬಿಡಿ.

ಇದು ನಾನು ಮಗಳನ್ನು ನೋಯಿಸಿ ಕಲಿತ ವಿಷಯ. ಅವಳಿಗೆ ಆಗ 4 ವರ್ಷ. ಮದುವೆಗೆ ನೆಟ್ ಫ್ರಾಕ್ ಹಾಕಿಸಿದ್ದೆ. ಮಧ್ಯಾಹ್ನದ ಹೊತ್ತಿಗೆ ಅಳು ಶುರುವಾಯ್ತು. ಹಸಿವು ಇರಬೇಕು, ನಿದ್ದೆ ಇರಬೇಕು ಅಂದುಕೊಂಡು ಸಮಾಧಾನ ಮಾಡುತ್ತಲೇ ಇದ್ದೆ. ರಾತ್ರಿ ಬಟ್ಟೆ ಬಿಚ್ಚಿದಾಗ ನೋಡಿದರೆ ಎರಡೂ ಕಂಕುಳಲ್ಲಿ ಗೀರಿದ ಹಾಗೆ ಕೆಂಪು ಗೆರೆ. ಫ್ರಾಕ್ ತಿರುಗಿಸಿ ನೋಡಿದೆ. ಎದೆ ಭಾಗಕ್ಕೆ ಲೈನಿಂಗ್ ಇತ್ತು, ತೋಳಿಗೆ ಇರಲಿಲ್ಲ. ತೋಳು ಸೇರುವ ಹೊಲಿಗೆಯಲ್ಲಿ ಕತ್ತರಿಸಿದ ನೆಟ್‌ನ ತುದಿಗಳು ಹಾಗೇ ಹೊರಗೆ ಚಾಚಿಕೊಂಡಿದ್ದವು. ಅವಳು ಕೈ ಎತ್ತಿದಾಗಲೆಲ್ಲ ಅವು ಉಜ್ಜಿವೆ.

ಅಂದಿನಿಂದ ಮಕ್ಕಳ ಬಟ್ಟೆಯ ಒಳಮೈ ನೋಡದೆ ನಾನು ತೆಗೆದುಕೊಳ್ಳೋದೇ ಇಲ್ಲ. ಬಟ್ಟೆ ತಿರುಗಿಸಿ, ಕೊರಳು, ಕಂಕುಳು ಮತ್ತು ಸೊಂಟದ ಹೊಲಿಗೆಯನ್ನು ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಉಜ್ಜಿ ನೋಡಿ. ಅಂಗೈಗೆ ಗೊತ್ತಾಗದ ಚುಚ್ಚು ಅಲ್ಲಿ ಗೊತ್ತಾಗುತ್ತದೆ. ಹೊಲಿಸುವುದಾದರೆ ಟೈಲರ್‌ಗೆ ಎರಡು ಮಾತು ಬಿಡಿಸಿ ಹೇಳಿ: ಲೈನಿಂಗ್ ಕಾಟನ್ ಆಗಿರಲಿ, ತೋಳಿಗೂ ಇರಲಿ. ಹೊಲಿಗೆಯ ಅಂಚು ಮೇಲಿನ ಬಟ್ಟೆಗೂ ಲೈನಿಂಗ್‌ಗೂ ನಡುವೆ ಮುಚ್ಚಿಹೋಗಲಿ. ಪಾಲಿಯೆಸ್ಟರ್ ಲೈನಿಂಗ್ ಮುಟ್ಟಿದರೆ ನುಣುಪು, ಆದರೆ ಬೆವರು ಹೀರಿಕೊಳ್ಳುವುದಿಲ್ಲ. ಬೆವರು ಮೈಮೇಲೇ ನಿಲ್ಲುತ್ತದೆ, ಒದ್ದೆ ಚರ್ಮ ಬೇಗ ಉಜ್ಜಿಹೋಗುತ್ತದೆ. ಇನ್ನೊಂದು, ಕಾಟನ್ ಲೈನಿಂಗನ್ನು ಹೊಲಿಯುವ ಮೊದಲೇ ಒಮ್ಮೆ ನೀರಿಗೆ ಹಾಕಿ ಒಣಗಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಮೇಲಿನ ಬಟ್ಟೆಯನ್ನು ಎಳೆಯುತ್ತದೆ. ರೆಡಿಮೇಡ್ ಆದರೆ ಒಳಗೆ ತೋಳಿರುವ ತೆಳು ಕಾಟನ್ ಬನಿಯನ್ ಹಾಕಿ. ತೋಳಿಲ್ಲದ್ದು ಕಂಕುಳನ್ನು ಕಾಪಾಡುವುದಿಲ್ಲ.

ಈಗ ಬಣ್ಣ. ನಾಲ್ಕೂ ಜನ ಒಂದೇ ಬಣ್ಣ ಹಾಕಬೇಕು ಅಂತ ಹೊರಟರೆ ಸೋಲು ಖಂಡಿತ. ರೇಷ್ಮೆ ಹೊಳೆಯುತ್ತದೆ, ಕಾಟನ್ ಹೊಳೆಯುವುದಿಲ್ಲ. ಹಾಗಾಗಿ ಒಂದೇ ಹಸಿರು ಎರಡರಲ್ಲಿ ಎರಡು ಥರ ಕಾಣುತ್ತದೆ. ಅಂಗಡಿಯ ಲೈಟಿನಲ್ಲಿ ಹೊಂದಿದ ಎರಡು ಬಟ್ಟೆ ಬಿಸಿಲಿಗೆ ಬಂದ ಮೇಲೆ ಬೇರೆ ಬೇರೆ ಅನ್ನಿಸುವುದೂ ಉಂಟು. ಸ್ವಲ್ಪವೇ ತಪ್ಪಿದ ಬಣ್ಣ, ಪೂರ್ತಿ ಬೇರೆ ಬಣ್ಣಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಆದ್ದರಿಂದ ಎರಡೇ ಬಣ್ಣ ಇಟ್ಟುಕೊಳ್ಳಿ, ಮೂರನೆಯದಾಗಿ ಕೆನೆಬಿಳಿ. ಒಬ್ಬರಿಗೆ ಮೈತುಂಬ ಇರುವ ಬಣ್ಣ ಇನ್ನೊಬ್ಬರಿಗೆ ಅಂಚಿನಲ್ಲಿ ಇರಲಿ.

ಅದಾದ ಮೇಲೆ ನಮ್ಮ ಮನೆಯಲ್ಲಿ ನಡೆದ ಮದುವೆಗೆ ಹೀಗೆ ಮಾಡಿದೆವು. ಮೊದಲು ಸಿಕ್ಕಿದ್ದು ಮೆತ್ತನೆಯ ಅರಿಶಿನ ಬಣ್ಣದ ಕಾಟನ್. ಅದರಲ್ಲಿ ಮಗಳಿಗೆ ಲಂಗ, ರವಿಕೆ. ಲಂಗದ ಕೆಳಗೆ ಕಡುಹಸಿರಿನ 2 ಇಂಚಿನ ಪಟ್ಟಿ, ಜರಿ ಇದ್ದದ್ದು ಆ ಪಟ್ಟಿಯಲ್ಲಿ ಮಾತ್ರ. ಮಿಂಚು ಮೈಗೆ ತಾಗದ ಜಾಗದಲ್ಲಿದ್ದರೆ ಎಷ್ಟಿದ್ದರೂ ತೊಂದರೆ ಇಲ್ಲ. ಮಗನಿಗೆ ಕೆನೆಬಿಳಿ ಕಾಟನ್ ಅಂಗಿ, ಗುಂಡಿಪಟ್ಟಿಯ ಅಂಚಿಗೆ ಅದೇ ಹಸಿರಿನ ಸಣ್ಣ ಪೈಪಿಂಗ್. ಆಮೇಲೆ ಈ ಎರಡು ಬಟ್ಟೆಯ ತುಂಡು ಕೈಯಲ್ಲಿ ಹಿಡಿದುಕೊಂಡು ನಮ್ಮದು ಹುಡುಕಲು ಹೋದೆವು. ನನಗೆ ಅರಿಶಿನ ಅಂಚಿನ ಕಡುಹಸಿರು ಸೀರೆ, ಗಂಡನಿಗೆ ಮಗನದಕ್ಕಿಂತ ಎದ್ದು ಕಾಣುವಷ್ಟು ಗಾಢವಾದ ಕೆನೆಬಣ್ಣದ ಅಂಗಿ. ಪ್ರತಿಸಲ ತುಂಡನ್ನು ಅಂಗಡಿಯ ಬಾಗಿಲ ಹೊರಗೆ ತಂದು ಹಗಲು ಬೆಳಕಲ್ಲಿ ಇಟ್ಟು ನೋಡಿದೆ. ಫೋಟೋದಲ್ಲಿ ನಾಲ್ಕೂ ಜನ ಒಂದೇ ಮನೆಯವರು ಅಂತ ಎದ್ದು ಕಾಣುತ್ತಿತ್ತು, ಯಾರೂ ಯೂನಿಫಾರ್ಮ್ ಹಾಕಿದ ಹಾಗೆ ಇರಲಿಲ್ಲ.

ನಿಮ್ಮ ಮದುವೆ ಮುಂದಿನ ತಿಂಗಳಾದ್ದರಿಂದ ಅಳತೆ ಈಗಲೇ ಕೊಡಿ. ಹೊಲಿಗೆಯ ಒಳಗೆ ಸ್ವಲ್ಪ ಹೆಚ್ಚು ಬಟ್ಟೆ ಬಿಡಲು ಹೇಳಿ, ಬೇಕಾದರೆ ಅಗಲ ಮಾಡಬಹುದು. ಬಟ್ಟೆ ಬಂದ ಮೇಲೆ ಮದುವೆಗೆ ಒಂದು ವಾರ ಮೊದಲು ಮನೆಯಲ್ಲಿ ಒಂದು ಗಂಟೆ ಹಾಕಿಸಿ. ನಿಲ್ಲಿಸಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನೆಲದ ಮೇಲೆ ಕೂತು ಆಡಲಿ, ಎರಡೂ ಕೈ ಮೇಲೆತ್ತಲಿ, ಬಗ್ಗಲಿ, ಮಗಳು ಬಾತ್‌ರೂಮಿಗೂ ಹೋಗಿ ಬರಲಿ. ಬಿಚ್ಚಿದ ತಕ್ಷಣ ಕೊರಳು, ಕಂಕುಳು, ಸೊಂಟ ನೋಡಿ. ಒಂದು ಗಂಟೆಗೇ ಕೆಂಪು ಗುರುತು ಬಿದ್ದಿದ್ದರೆ ಅದು ಇಡೀ ದಿನಕ್ಕೆ ಆಗುವ ಬಟ್ಟೆ ಅಲ್ಲ. ಸೊಂಟದ ಎಲಾಸ್ಟಿಕ್ ಒಳಗೆ ನಿಮ್ಮ ಎರಡು ಬೆರಳು ಸಲೀಸಾಗಿ ಹೋಗಬೇಕು, ಮಗು ಕೂತಿದ್ದಾಗಲೂ. ಮಗನಿಗೆ ಡೈಪರ್ ಹಾಕುತ್ತೀರಾದರೆ ಟ್ರಯಲ್ಲಿಗೂ ಡೈಪರ್ ಹಾಕಿಯೇ ನೋಡಿ, ಅಳತೆ ಬದಲಾಗುತ್ತದೆ. ಮೇಲಿಂದ ಕೆಳಗೆ ಒಂದೇ ತುಂಡಾಗಿರುವ ಬಟ್ಟೆ ಬೇಡ. ಪ್ರತಿಸಲ ಪೂರ್ತಿ ಬಿಚ್ಚಬೇಕಾಗುತ್ತದೆ, ಅವನಿಗೂ ಸಾಕಾಗಿಹೋಗುತ್ತದೆ.

2 ವರ್ಷದವನ ಬಟ್ಟೆಯಲ್ಲಿ ಅಂಟಿಸಿದ ಮಣಿ, ಸಡಿಲ ಗುಂಡಿ ಇರಲೇಬಾರದು. ಕಿತ್ತು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕೊರಳ ಹತ್ತಿರ ನೇತಾಡುವ ಲಾಡಿಯೂ ಇಬ್ಬರಿಗೂ ಬೇಡ.

ಇಷ್ಟೆಲ್ಲ ಮಾಡಿದರೂ ಒಂದೇ ಬಟ್ಟೆಯಲ್ಲಿ ಇಡೀ ದಿನ ಕಳೆಯಬೇಕು ಅಂತ ಹಟ ಹಿಡಿಯಬೇಡಿ. ಇಬ್ಬರಿಗೂ ಎರಡನೇ ಜೊತೆ ಇಟ್ಟುಕೊಳ್ಳಿ. ಹೊಸದೇ ಆಗಬೇಕಿಲ್ಲ. ಅದೇ ಹಸಿರು, ಅರಿಶಿನ, ಕೆನೆಬಿಳಿಯ ಥರ ನಿಮ್ಮ ಬಣ್ಣಗಳಲ್ಲಿ ಯಾವುದಾದರೂ ಒಂದು ಇರುವ, ಹತ್ತು ಸಲ ಒಗೆದು ಮೆತ್ತಗಾದ ಕಾಟನ್ ಬಟ್ಟೆ ಸಾಕು. ಮನೆಯವರೆಲ್ಲ ನಿಲ್ಲುವ ಫೋಟೋ ಯಾವಾಗ ಅಂತ ಮೊದಲೇ ಕೇಳಿ ಇಟ್ಟುಕೊಳ್ಳಿ. ಅದಕ್ಕೆ ಅರ್ಧ ಗಂಟೆ ಮೊದಲು ಚೆಂದದ ಬಟ್ಟೆ ಹಾಕಿಸಿ, ಫೋಟೋ ಮುಗಿದ ಮೇಲೆ ಬದಲಿಸಿಬಿಡಿ. ಮೆತ್ತನೆ ಬಟ್ಟೆಯಲ್ಲೂ ಬಣ್ಣ ನಿಮ್ಮದೇ ಇರೋದರಿಂದ ಆಮೇಲೆ ಯಾರಾದರೂ ಫೋಟೋ ತೆಗೆದರೂ ಹೊಂದಿಕೊಂಡೇ ಕಾಣುತ್ತಾರೆ.

ಚಪ್ಪಲಿ, ಶೂ ಮಾತ್ರ ಆ ದಿನಕ್ಕೇ ಹೊಸದಾಗಿ ತೊಡಿಸಬೇಡಿ. ಮಗು ನಿಂತಿರುವಾಗ ಹೆಬ್ಬೆರಳಿನ ಮುಂದೆ ಸುಮಾರು 1 ಸೆಂಟಿಮೀಟರ್ ಜಾಗ ಇದೆಯಾ ಒತ್ತಿ ನೋಡಿ. ಒಂದು ವಾರ ಮೊದಲಿಂದ ದಿನಾ ಸ್ವಲ್ಪ ಹೊತ್ತು ಹಾಕಿಕೊಂಡು ಓಡಾಡಲಿ. ಹಿಮ್ಮಡಿ ಕೆಂಪಾದರೆ ಬದಲಿಸಲು ಆಗ ಇನ್ನೂ ಸಮಯ ಇರುತ್ತದೆ.