ಇತಾದಾಕಿಮಾಸು, ಗೊಚಿಸೋಸಾಮಾ: ಯಾವುದು ಯಾರಿಗೆ?

“ಜಪಾನಿ ಮೇಲಧಿಕಾರಿ ಊಟ ಕೊಡಿಸಿದರು. ಎದ್ದು ಹೊರಡುವಾಗ ಇತಾದಾಕಿಮಾಸು ಎಂದೆ, ಅವರು ನಕ್ಕರು. ಅದೂ ಗೊಚಿಸೋಸಾಮಾವೂ ಎರಡೂ ಧನ್ಯವಾದವೇ ತಾನೆ?”

ಊಟಕ್ಕೆ ಮುನ್ನ ಹೇಳುವ ಇತಾದಾಕಿಮಾಸು, ಊಟ ಮುಗಿದ ಮೇಲೆ ಹೇಳುವ ಗೊಚಿಸೋಸಾಮಾ ಎರಡನ್ನೂ ‘ಧನ್ಯವಾದ’ ಎಂದೇ ಕಲಿತದ್ದು ಈ ಗೊಂದಲಕ್ಕೆ ಕಾರಣವಿರಬೇಕು. ‘ಇತಾದಾಕು’ ಎಂಬ ಕ್ರಿಯಾಪದಕ್ಕೆ ತಲೆಯ ಮೇಲೆ ಇಟ್ಟುಕೊಳ್ಳುವುದು ಎಂಬುದು ಮೂಲಾರ್ಥ. ನಾವು ಪ್ರಸಾದವನ್ನು ಕಣ್ಣಿಗೊತ್ತಿಕೊಳ್ಳುವಂತೆ, ದೊರೆತದ್ದನ್ನು ಮೇಲೆತ್ತಿ ವಿನಯದಿಂದ ಪಡೆಯುವ ಭಾವ ಅದರಲ್ಲಿದೆ. ಆದ್ದರಿಂದ ಇತಾದಾಕಿಮಾಸು ಎಂದರೆ ‘ಸ್ವೀಕರಿಸುತ್ತೇನೆ’ ಎಂದಷ್ಟೇ. ನಮಗಾಗಿ ಪ್ರಾಣ ತೆತ್ತ ಮೀನು, ಕಾಳು, ಸೊಪ್ಪುಗಳಿಗೆ ಅದು ಕೃತಜ್ಞತೆ ಎಂಬ ವಿವರಣೆ ಬೌದ್ಧ ಚಿಂತನೆಯಿಂದ ಬಂದದ್ದು. ಪದದೊಳಗೆ ಅದಿಲ್ಲವಾದರೂ ಇಂದು ಬಹಳ ಜನ ಹಾಗೆಯೇ ಭಾವಿಸುತ್ತಾರೆ, ಒಬ್ಬರೇ ಉಣ್ಣುವಾಗಲೂ ಕೈಜೋಡಿಸಿ ಹೇಳುತ್ತಾರೆ.

ಗೊಚಿಸೋಸಾಮಾದ ನಡುವಿನ ‘ಚಿಸೋ’ ಎಂದರೆ ಓಡಾಟ. ಅತಿಥಿಗಾಗಿ ಸಾಮಗ್ರಿ ಹೊಂದಿಸಲು ಪಟ್ಟ ಪಾಡಿಗೆ, ಅಂದರೆ ಅಡುಗೆ ಮಾಡಿದವರಿಗೆ ಅಥವಾ ಊಟ ಕೊಡಿಸಿದವರಿಗೆ, ಈ ಮಾತು ಸಲ್ಲುತ್ತದೆ.

ಮುಂದಿನ ಸಲ ಮೊದಲ ತುತ್ತಿಗೆ ಮುನ್ನ ಇತಾದಾಕಿಮಾಸು ಎನ್ನಿ. ಮುಗಿದ ಮೇಲೆ, ಹಣ ಕೊಟ್ಟ ಅಧಿಕಾರಿಗೆ ‘ಗೊಚಿಸೋಸಾಮಾ ದೆಶಿತಾ’ ಎನ್ನಿ. ಹೋಟೆಲಿನಲ್ಲಿ ನೀವೇ ಹಣ ಕೊಟ್ಟಿದ್ದರೂ ಹೊರಡುವಾಗ ಅಲ್ಲಿನವರಿಗೆ ಇದನ್ನೇ ಹೇಳಬಹುದು. ನೀವೇ ಬಡಿಸುವಾಗ ಮಾತ್ರ ಇವೆರಡೂ ಬೇಡ, ‘ದೋಜೊ ಮೆಶಿಆಗಾತ್ತೆ ಕುದಾಸಾಯ್’ ಎಂದರೆ ‘ದಯವಿಟ್ಟು ಊಟ ಮಾಡಿ’ ಎಂದಂತಾಗುತ್ತದೆ.