ಮುಂದಿನ ಹಲ್ಲು ಮುರಿದು ಕೆಂಪು ಚುಕ್ಕೆ ಕಂಡರೆ ರೂಟ್ ಕೆನಾಲ್ ಮಾಡಿಸಬೇಕೆ?

ಪ್ರಶ್ನೆ: ನನ್ನ ಮಗನಿಗೆ 8 ವರ್ಷ. ನಿನ್ನೆ ಸಂಜೆ ಸೈಕಲ್‌ನಿಂದ ಬಿದ್ದು ಮೇಲಿನ ಮುಂದಿನ ಹಲ್ಲು ಅರ್ಧ ಮುರಿದಿದೆ. ಮುರಿದ ಕಡೆ ಸಣ್ಣ ಕೆಂಪು ಚುಕ್ಕೆ ಕಾಣುತ್ತದೆ. ತುಂಡು ಸಿಕ್ಕಿದೆ, ಕಾಗದದಲ್ಲಿ ಸುತ್ತಿಟ್ಟಿದ್ದೇನೆ. ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿ ಅನ್ನುತ್ತಾರೆ. ಮಾಡಿಸಲೇಬೇಕಾ ಡಾಕ್ಟ್ರೇ?

ಉತ್ತರ: ಮೊದಲು ಆ ತುಂಡನ್ನು ಕಾಗದದಿಂದ ತೆಗೆದು ನೀರಿಗೆ ಹಾಕಿ. ಒಣಗಿದ ತುಂಡು ಸುಣ್ಣದಂತೆ ಬೆಳ್ಳಗಾಗುತ್ತದೆ, ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಅಂಟಿಸುವ ಮುಂಚೆ ಕನಿಷ್ಠ 20 ನಿಮಿಷ ನೆನೆದಿರಬೇಕು. ಲೋಟದ ಸಮೇತ ಇವತ್ತೇ ಮಕ್ಕಳ ಹಲ್ಲಿನ ವೈದ್ಯರ ಹತ್ತಿರ ಹೋಗಿ. ತುಟಿಯೂ ಸೀಳಿದ್ದು, ಸಿಕ್ಕ ತುಂಡು ಹಲ್ಲಿಗೆ ಪೂರ್ತಿ ಹೊಂದದಿದ್ದರೆ ತುಟಿಯ ಎಕ್ಸ್‌ರೇ ಕೂಡ ತೆಗೆಸಿ. ಉಳಿದ ಚೂರು ತುಟಿಯೊಳಗೇ ಸಿಕ್ಕಿಕೊಂಡಿರುವುದು ಅಪರೂಪವೇನಲ್ಲ.

ಈಗ ರೂಟ್ ಕೆನಾಲ್ ವಿಷಯ. ಈ ವಯಸ್ಸಿನಲ್ಲಿ ಅದಕ್ಕೆ ಆತುರಪಡಬೇಡಿ. ಮೇಲಿನ ಮುಂದಿನ ಹಲ್ಲು 7–8 ವರ್ಷಕ್ಕೆ ಹುಟ್ಟುತ್ತದೆ, ಆದರೆ ಅದರ ಬೇರು ಪೂರ್ತಿಯಾಗಲು ಇನ್ನೂ ಸುಮಾರು 3 ವರ್ಷ ಬೇಕು. ನಿಮ್ಮ ಮಗನ ಹಲ್ಲಿನ ಬೇರು ಸದ್ಯಕ್ಕೆ ಗಿಡ್ಡ, ಗೋಡೆ ತೆಳು, ತುದಿ ತೆರೆದ ಕೊಳವೆಯ ಹಾಗೆ. ಆ ಬೇರನ್ನು ಉದ್ದವೂ ದಪ್ಪವೂ ಮಾಡುವುದು ಒಳಗಿನ ಜೀವಂತ ತಿರುಳು, ಅಂದರೆ ಪಲ್ಪ್. ರೂಟ್ ಕೆನಾಲ್ ಮಾಡಿ ಅದನ್ನು ಪೂರ್ತಿ ತೆಗೆದರೆ ಬೇರು ಅಲ್ಲಿಗೇ ನಿಲ್ಲುತ್ತದೆ. ಅಂಥ ತೆಳು ಬೇರು ಕೆಲವು ವರ್ಷಗಳ ನಂತರ ಸಣ್ಣ ಪೆಟ್ಟಿಗೂ ವಸಡಿನ ಹತ್ತಿರ ಮುರಿದುಹೋಗಬಹುದು.

ನಿಮಗೆ ಕಂಡ ಕೆಂಪು ಚುಕ್ಕೆ ಆ ತಿರುಳೇ. ಒಂದು ದಿನ ಬಾಯಿಗೆ ತೆರೆದುಕೊಂಡಿದ್ದರೂ ಸೋಂಕು ಸಾಮಾನ್ಯವಾಗಿ ಮೇಲಿನ ಒಂದೆರಡು ಮಿಲಿಮೀಟರ್ ದಾಟಿರುವುದಿಲ್ಲ. ಸ್ವೀಡನ್ನಿನ ದಂತವೈದ್ಯ ಮಿಯೊಮಿರ್ ಸ್ವೆಕ್ 1978ರಲ್ಲಿ ಇಂಥ 60 ಹಲ್ಲುಗಳ ಫಲಿತಾಂಶ ಪ್ರಕಟಿಸಿದರು. ಮೇಲಿನ ತಿರುಳನ್ನಷ್ಟೇ ತೆಗೆದು ಉಳಿದದ್ದನ್ನು ಜೀವಂತ ಬಿಟ್ಟಾಗ 96% ಹಲ್ಲುಗಳು ಗುಣವಾದವು. ಅವುಗಳಲ್ಲಿ ಕೆಲವು ಪೆಟ್ಟಾಗಿ ಎಷ್ಟೋ ದಿನಗಳ ನಂತರ ಬಂದವು. ಇದಕ್ಕೆ ಪಾರ್ಶಿಯಲ್ ಪಲ್ಪಾಟಮಿ ಎನ್ನುತ್ತಾರೆ. ನಿಮ್ಮ ವೈದ್ಯರ ಬಳಿ ಈ ಹೆಸರು ಹೇಳಿಯೇ ಕೇಳಿ.

ಮಾಡುವ ಕ್ರಮ ಹೀಗೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಎಂಜಲು ತಾಗದಂತೆ ಹಲ್ಲಿಗೆ ರಬ್ಬರ್ ಹಾಳೆ ಕಟ್ಟುತ್ತೇವೆ. ನೀರು ಚಿಮ್ಮಿಸುತ್ತಾ ಡೈಮಂಡ್ ಬರ್‌ನಿಂದ ಸುಮಾರು 2 ಮಿಲಿಮೀಟರ್ ತಿರುಳು ತೆಗೆದು, ಒದ್ದೆ ಹತ್ತಿ ಒತ್ತಿ ಹಿಡಿಯುತ್ತೇವೆ. ನನಗೆ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಆ ಐದು ನಿಮಿಷ. ಹತ್ತಿ ಎತ್ತಿದಾಗ ರಕ್ತ ನಿಂತು, ತಿರುಳು ತಿಳಿಗೆಂಪಾಗಿ ಹೊಳೆಯುತ್ತಿದ್ದರೆ ಅದು ಆರೋಗ್ಯವಾಗಿದೆ. ಇನ್ನೂ ಜಿನುಗುತ್ತಲೇ ಇದ್ದರೆ ಉರಿಯೂತ ಕೆಳಗಿಳಿದಿದೆ, ಇನ್ನಷ್ಟು ತೆಗೆಯಬೇಕು. ರಕ್ತ ನಿಂತ ಮೇಲೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅಥವಾ ಕ್ಯಾಲ್ಸಿಯಂ ಸಿಲಿಕೇಟ್ ಸಿಮೆಂಟ್ ಇಟ್ಟು ಭದ್ರವಾಗಿ ಮುಚ್ಚುತ್ತೇವೆ. ಅದರಡಿ ತಿರುಳು ತಾನೇ ಗಟ್ಟಿ ಪದರ ಕಟ್ಟಿಕೊಳ್ಳುತ್ತದೆ. ಅದೇ ಜಾತಿಯ ಎಂಟಿಎ ಎಂಬ ಸಿಮೆಂಟ್ ಕೂಡ ಒಳ್ಳೆಯದೇ, ಆದರೆ ಹಲ್ಲನ್ನು ಬೂದು ಬಣ್ಣಕ್ಕೆ ತಿರುಗಿಸಬಹುದು. ಹಾಗಾಗಿ ಮುಂದಿನ ಹಲ್ಲಿಗೆ ನಾನು ಬಳಸುವುದಿಲ್ಲ.

ಆಮೇಲೆ ನಿಮ್ಮ ಲೋಟದಲ್ಲಿರುವ ತುಂಡಿನ ಸರದಿ. ಸಿಮೆಂಟಿಗೆ ಜಾಗವಾಗುವಂತೆ ಅದರ ಒಳಬದಿಯನ್ನು ಸ್ವಲ್ಪ ತೋಡಿ, ಎರಡೂ ಕಡೆ ಆಸಿಡ್ ಜೆಲ್ ಮತ್ತು ಬಾಂಡಿಂಗ್ ಹಚ್ಚಿ, ಕಾಂಪೋಸಿಟ್ ಎಂಬ ಹಲ್ಲಿನ ಬಣ್ಣದ ಭರ್ತಿಯಿಂದ ಕೂಡಿಸಿ ಬೆಳಕು ಹಾಯಿಸಿ ಗಟ್ಟಿ ಮಾಡುತ್ತೇವೆ. ಸ್ವಂತ ಹಲ್ಲಿನ ಬಣ್ಣ, ಆಕಾರ ಹಾಗೇ ಮರಳುತ್ತದೆ. ಆದರೆ ಅಂಟಿಸಿದ ತುಂಡಿಗೆ ಮೊದಲಿನಷ್ಟು ಬಲವಿರುವುದಿಲ್ಲ. ಗಟ್ಟಿ ಪದಾರ್ಥವನ್ನು ಆ ಹಲ್ಲಿನಿಂದ ಕಚ್ಚಬಾರದು, ಪೆಟ್ಟಾಗಬಹುದಾದ ಆಟಕ್ಕೆ ಮೌತ್‌ಗಾರ್ಡ್ ಹಾಕಿಕೊಳ್ಳಬೇಕು. ತುಂಡು ಮತ್ತೆ ಕಳಚಿದರೆ ನೀರಿಗೆ ಹಾಕಿ ಬನ್ನಿ. ಪುನಃ ಅಂಟಿಸಬಹುದು, ಇಲ್ಲವೇ ಆ ಭಾಗವನ್ನು ಕಾಂಪೋಸಿಟ್‌ನಲ್ಲೇ ಕಟ್ಟಬಹುದು. ಕ್ಯಾಪ್ ಮಾತ್ರ ಈಗ ಬೇಡ. ಅದಕ್ಕಾಗಿ ಹಲ್ಲನ್ನು ಸುತ್ತ ಉಜ್ಜಬೇಕು, ಈ ವಯಸ್ಸಿನಲ್ಲಿ ತಿರುಳು ದೊಡ್ಡದು, ವಸಡೂ ಇನ್ನೂ ಮೇಲೆ ಸರಿಯುತ್ತಿರುತ್ತದೆ.

ಇಷ್ಟಾದ ಮೇಲೆ ನೋವಿಲ್ಲ ಅಂತ ತೋರಿಸುವುದನ್ನು ನಿಲ್ಲಿಸಬೇಡಿ. ತಿರುಳು ಸದ್ದಿಲ್ಲದೆ ಸಾಯಬಹುದು. 6–8 ವಾರಕ್ಕೆ, 3 ತಿಂಗಳಿಗೆ, 6 ತಿಂಗಳಿಗೆ, ವರ್ಷಕ್ಕೆ ಪರೀಕ್ಷೆ, ಎಕ್ಸ್‌ರೇ ಬೇಕು. ಶುರುವಿನಲ್ಲಿ ತಣ್ಣಗಿನದು ಮುಟ್ಟಿಸಿದರೂ ಹುಡುಗ ಗೊತ್ತಾಗಲಿಲ್ಲ ಅನ್ನಬಹುದು. ಪೆಟ್ಟಾದ ಹಲ್ಲು ಕೆಲವೊಮ್ಮೆ 3 ತಿಂಗಳು ಹಾಗೇ ಮರಗಟ್ಟಿರುತ್ತದೆ, ಅಷ್ಟಕ್ಕೇ ಸತ್ತಿದೆ ಅಂತ ತೀರ್ಮಾನಿಸಬಾರದು. ಹಲ್ಲು ಕಪ್ಪಾಗುವುದು, ವಸಡಿನಲ್ಲಿ ಕೀವು ಗುಳ್ಳೆ, ತಟ್ಟಿದರೆ ನೋವು ಕಂಡರೆ ಮಾತ್ರ ದಿನಾಂಕಕ್ಕೆ ಕಾಯದೆ ಬನ್ನಿ. ಎಕ್ಸ್‌ರೇಯಲ್ಲಿ ನಾನು ನೋಡುವುದು ಪಕ್ಕದ ಹಲ್ಲನ್ನು ಕೂಡ. ಎರಡೂ ಬೇರುಗಳು ಸಮನಾಗಿ ಉದ್ದವಾಗುತ್ತಿದ್ದರೆ ಒಳಗಿನ ತಿರುಳು ಬದುಕಿದೆ. ಪಕ್ಕದ್ದು ಬೆಳೆದು ಇದು ಮಾತ್ರ ನಿಂತಿದ್ದರೆ ಆಗ ತೆರೆದ ತುದಿಗೆ ಸಿಮೆಂಟಿನ ತಡೆ ಹಾಕಿ ರೂಟ್ ಕೆನಾಲ್ ಮಾಡಬೇಕಾಗುತ್ತದೆ.